ಬಾಂಡ್ ಬೆಲೆ ಮತ್ತು ಇಳುವರಿ

ಬಾಂಡ್ ಅಥವಾ ಸಾಲಪತ್ರವು ಸರ್ಕಾರ, ಸ್ಥಳೀಯ ಸಂಸ್ಥೆ ಇಲ್ಲವೇ ಕಂಪನಿಯೊಂದು ಸಾರ್ವಜನಿಕರಿಂದ ಸಾಲ ಪಡೆಯುವಾಗ ನೀಡುವ ಕರಾರುಪತ್ರವಾಗಿದೆ. ನಿಗದಿತ ದಿನಗಳಂದು ನಿಗದಿತ ಬಡ್ಡಿಯನ್ನೂ, ಅವಧಿ ಮುಗಿದ ದಿನ ಅಸಲನ್ನೂ ಕೊಡುವುದಾಗಿ ಸಾಲ ಪಡೆದವರು ಇದರಲ್ಲಿ ಒಪ್ಪಿಕೊಂಡಿರುತ್ತಾರೆ. ಬಾಂಡನ್ನು ಅವಧಿಗೆ ಮುನ್ನವೇ ಇನ್ನೊಬ್ಬರಿಗೆ ಮಾರಬಹುದು. ಹೀಗೆ ಮಾರುವಾಗ ದೊರೆಯುವ ಬೆಲೆಯು ದಿನದಿಂದ ದಿನಕ್ಕೆ ಬದಲಾಗುತ್ತದೆ. ಆ ಬೆಲೆಗೆ ಕೊಂಡವರಿಗೆ ಕೊನೆಯವರೆಗೆ ದೊರೆಯುವ ವಾರ್ಷಿಕ ಪ್ರತಿಫಲದ ದರವೇ ಇಳುವರಿ. ಬೆಲೆ ಇಳಿದರೆ ಇಳುವರಿ ಏರುತ್ತದೆ, ಬೆಲೆ ಏರಿದರೆ ಇಳುವರಿ ಇಳಿಯುತ್ತದೆ. ಇಳುವರಿಯ ಒಂದು ಬದಲಾವಣೆಗೆ ಬೆಲೆ ಎಷ್ಟರಮಟ್ಟಿಗೆ ಬದಲಾಗುತ್ತದೆ ಎಂಬುದನ್ನು ಅಳೆಯುವ ಮಾನಕ್ಕೆ ಡ್ಯುರೇಶನ್ ಎಂದು ಹೆಸರು.

## ಕರ್ನಾಟಕ ಸರ್ಕಾರದ ಸಾಲಪತ್ರಗಳು

ಕರ್ನಾಟಕ ಸರ್ಕಾರವು ಸಾರ್ವಜನಿಕ ಮಾರುಕಟ್ಟೆಯಿಂದ ಪಡೆಯುವ ಸಾಲಕ್ಕೆ ರಾಜ್ಯ ಅಭಿವೃದ್ಧಿ ಸಾಲ ಎಂಬ ಹೆಸರಿದೆ. ರಾಜ್ಯದ ಪರವಾಗಿ ಭಾರತೀಯ ರಿಸರ್ವ್ ಬ್ಯಾಂಕು ಇದನ್ನು ಹರಾಜಿನ ಮೂಲಕ ಮಾರಾಟ ಮಾಡುತ್ತದೆ. ಬ್ಯಾಂಕುಗಳು, ವಿಮಾ ಸಂಸ್ಥೆಗಳು ಮತ್ತು ಭವಿಷ್ಯನಿಧಿಗಳು ಇದರ ಮುಖ್ಯ ಖರೀದಿದಾರರು. 2021ರ ನವೆಂಬರ್‌ನಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ರೀಟೇಲ್ ಡೈರೆಕ್ಟ್ ಯೋಜನೆಯಡಿ ಸಾಮಾನ್ಯ ಜನರೂ ಖಾತೆ ತೆರೆದು ಇಂತಹ ಸಾಲಪತ್ರಗಳನ್ನು ಕೊಳ್ಳಬಹುದಾಗಿದೆ.

ಹೊಸ ಸಾಲದ ಹರಾಜಿನಲ್ಲಿ ಬಿಡ್ಡುದಾರರು ತಮಗೆ ಬೇಕಾದ ಇಳುವರಿಯನ್ನು ನಮೂದಿಸುತ್ತಾರೆ. ಕಡಿಮೆ ಇಳುವರಿ ಕೇಳಿದವರಿಗೆ ಮೊದಲ ಆದ್ಯತೆ. ಸರ್ಕಾರಕ್ಕೆ ಬೇಕಾದ ಮೊತ್ತ ಪೂರ್ಣಗೊಳ್ಳುವ ಹಂತದ ಇಳುವರಿಯೇ ಆ ಸಾಲಪತ್ರದ ಬಡ್ಡಿದರವಾಗಿ ನಿಗದಿಯಾಗುತ್ತದೆ. ಈ ದರವನ್ನು ಕೂಪನ್ ದರ ಎನ್ನುತ್ತಾರೆ. ಹಿಂದೆ ಕಾಗದದ ಬಾಂಡ್‌ಗಳಲ್ಲಿ ಬಡ್ಡಿಗಾಗಿ ಕತ್ತರಿಸಿಕೊಡುವ ಚೀಟಿಗಳಿರುತ್ತಿದ್ದುದರಿಂದ ಈ ಹೆಸರು ಬಂದಿದೆ. ಬಡ್ಡಿಯು ಆರು ತಿಂಗಳಿಗೊಮ್ಮೆ ಪಾವತಿಯಾಗುತ್ತದೆ. ಒಮ್ಮೆ ನಿಗದಿಯಾದ ಕೂಪನ್ ಆ ಸಾಲಪತ್ರದ ಆಯುಷ್ಯ ಮುಗಿಯುವವರೆಗೆ ಬದಲಾಗುವುದಿಲ್ಲ. ಮುಂದಿನ ಹರಾಜುಗಳಲ್ಲಿ ದರ ಏನೇ ಆದರೂ ಹಳೆಯ ಪತ್ರದ ಬಡ್ಡಿ ಹಳೆಯದೇ ಆಗಿರುತ್ತದೆ.

ಸ್ಥಳೀಯ ಸಂಸ್ಥೆಗಳೂ ಬಾಂಡ್ ನೀಡಬಹುದು. ಬೆಂಗಳೂರು ಮಹಾನಗರ ಪಾಲಿಕೆಯು 1997ರಲ್ಲಿ ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿಗಳ ಬಾಂಡ್ ನೀಡಿತು. ಭಾರತದ ನಗರಸಭಾ ಬಾಂಡ್‌ಗಳ ಇತಿಹಾಸ ಇಲ್ಲಿಂದ ಆರಂಭವಾಗುತ್ತದೆ. ನೀಡುವವರು ಯಾರೇ ಆಗಿರಲಿ, ನಿಶ್ಚಿತ ಬಡ್ಡಿಯ ಬಾಂಡ್‌ಗಳೆಲ್ಲಕ್ಕೂ ಬೆಲೆ ಕಟ್ಟುವ ವಿಧಾನ ಒಂದೇ.

## ಬೆಲೆಯ ಲೆಕ್ಕ

ಬಾಂಡನ್ನು ಕೊಳ್ಳುವವರು ವಾಸ್ತವವಾಗಿ ಮುಂದೆ ಬರಲಿರುವ ಕಂತುಗಳ ಒಂದು ಸಾಲನ್ನು ಕೊಳ್ಳುತ್ತಾರೆ. ಮುಂದೆ ಬರುವ ಹಣಕ್ಕೆ ಇಂದು ಅಷ್ಟೇ ಬೆಲೆ ಇರುವುದಿಲ್ಲ. ಶೇಕಡ 8ರ ಪ್ರತಿಫಲ ಬಯಸುವವರ ದೃಷ್ಟಿಯಲ್ಲಿ, ಒಂದು ವರ್ಷದ ನಂತರ ಬರುವ 108 ರೂಪಾಯಿಗಳು ಇಂದಿನ 100 ರೂಪಾಯಿಗಳಿಗೆ ಸಮ. ಆದ್ದರಿಂದ ಒಂದು ವರ್ಷದ ನಂತರದ ಹಣವನ್ನು 1.08ರಿಂದ ಒಮ್ಮೆ, ಎರಡು ವರ್ಷದ ನಂತರದ ಹಣವನ್ನು ಎರಡು ಬಾರಿ, ಮೂರು ವರ್ಷದ ನಂತರದ ಹಣವನ್ನು ಮೂರು ಬಾರಿ ಭಾಗಿಸಿದರೆ ಅವುಗಳ ಇಂದಿನ ಮೌಲ್ಯ ದೊರೆಯುತ್ತದೆ. ಇದು ಚಕ್ರಬಡ್ಡಿಯ ಲೆಕ್ಕವನ್ನೇ ಹಿಂದುಮುಂದಾಗಿ ಮಾಡಿದಂತೆ. ಎಲ್ಲ ಕಂತುಗಳ ಇಂದಿನ ಮೌಲ್ಯಗಳ ಮೊತ್ತವೇ ಬಾಂಡಿನ ಬೆಲೆ.

```
P = C/(1+y) + C/(1+y)^2 + ... + (C+F)/(1+y)^n
```

ಇಲ್ಲಿ P ಬೆಲೆ, C ವಾರ್ಷಿಕ ಬಡ್ಡಿ, F ಮುಖಬೆಲೆ, y ಇಳುವರಿ ಮತ್ತು n ಉಳಿದಿರುವ ವರ್ಷಗಳು. ಆರು ತಿಂಗಳಿಗೊಮ್ಮೆ ಬಡ್ಡಿ ಬರುವ ಪತ್ರಗಳಿಗೆ ಬಡ್ಡಿಯನ್ನೂ ಇಳುವರಿಯನ್ನೂ ಅರ್ಧ ಮಾಡಿ, ಅವಧಿಗಳ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು. ಲೆಕ್ಕ ಸರಳವಾಗಿರಲೆಂದು ಕೆಳಗಿನ ಮಾದರಿ ಲೆಕ್ಕಗಳಲ್ಲಿ ವರ್ಷಕ್ಕೊಮ್ಮೆ ಬಡ್ಡಿ ಬರುವುದೆಂದು ಭಾವಿಸಲಾಗಿದೆ.

ಮುಖಬೆಲೆ 100 ರೂಪಾಯಿ, ಕೂಪನ್ ಶೇಕಡ 7, ಅವಧಿ 3 ವರ್ಷಗಳ ಸಾಲಪತ್ರವೊಂದಿದೆ ಎಂದುಕೊಳ್ಳೋಣ. ಮಾರುಕಟ್ಟೆಯಲ್ಲಿ ಅಷ್ಟೇ ಅವಧಿಯ ಪತ್ರಗಳಿಗೆ ಶೇಕಡ 8 ದೊರೆಯುತ್ತಿದ್ದರೆ ಇದರ ಬೆಲೆ ಹೀಗೆ ತಿಳಿಯುತ್ತದೆ:

* ಮೊದಲ ವರ್ಷದ 7 ರೂಪಾಯಿಯ ಇಂದಿನ ಮೌಲ್ಯ 6.48 ರೂಪಾಯಿ
* ಎರಡನೆಯ ವರ್ಷದ 7 ರೂಪಾಯಿಯ ಇಂದಿನ ಮೌಲ್ಯ 6.00 ರೂಪಾಯಿ
* ಮೂರನೆಯ ವರ್ಷದ 107 ರೂಪಾಯಿಯ ಇಂದಿನ ಮೌಲ್ಯ 84.94 ರೂಪಾಯಿ

ಒಟ್ಟು ಬೆಲೆ 97.42 ರೂಪಾಯಿ. ಇಳುವರಿಯು ಕೂಪನ್‌ಗೆ ಸಮನಾಗಿ ಶೇಕಡ 7 ಆಗಿದ್ದಿದ್ದರೆ ಬೆಲೆ ಸರಿಯಾಗಿ 100 ರೂಪಾಯಿ ಆಗುತ್ತಿತ್ತು. ಹೀಗೆ ಇಳುವರಿಯು ಕೂಪನ್‌ಗಿಂತ ಹೆಚ್ಚಿದ್ದಾಗ ಪತ್ರವು ಮುಖಬೆಲೆಗಿಂತ ಕಡಿಮೆಗೂ, ಕಡಿಮೆಯಿದ್ದಾಗ ಮುಖಬೆಲೆಗಿಂತ ಹೆಚ್ಚಿಗೂ ಮಾರಾಟವಾಗುತ್ತದೆ.

ಎರಡು ಬಡ್ಡಿ ದಿನಗಳ ನಡುವೆ ಪತ್ರವನ್ನು ಮಾರಿದರೆ, ಹಿಂದಿನ ಕಂತಿನ ನಂತರ ಕೂಡಿರುವ ಬಡ್ಡಿ ಮಾರುವವರಿಗೆ ಸೇರಬೇಕು. ಮಾರುಕಟ್ಟೆಯಲ್ಲಿ ಪ್ರಕಟವಾಗುವ ಬೆಲೆಯಲ್ಲಿ ಇದು ಸೇರಿರುವುದಿಲ್ಲ. ಶೇಕಡ 7ರ ಪತ್ರವನ್ನು ಕಂತು ಪಾವತಿಯಾದ ಮೂರು ತಿಂಗಳ ನಂತರ ಕೊಂಡವರು ಪ್ರಕಟಿತ ಬೆಲೆಯ ಜೊತೆಗೆ ಪ್ರತಿ 100 ರೂಪಾಯಿ ಮುಖಬೆಲೆಗೆ 1.75 ರೂಪಾಯಿಯನ್ನು ಹೆಚ್ಚಾಗಿ ಕೊಡಬೇಕಾಗುತ್ತದೆ. ಮುಂದಿನ ಪೂರ್ಣ ಕಂತು ಅವರಿಗೇ ಬರುವುದರಿಂದ ಇದು ನಷ್ಟವಲ್ಲ.

## ಪಕ್ವತೆಯವರೆಗಿನ ಇಳುವರಿ

ಮೇಲಿನ ಲೆಕ್ಕದಲ್ಲಿ ಇಳುವರಿ ಗೊತ್ತಿದ್ದು ಬೆಲೆಯನ್ನು ಕಂಡುಹಿಡಿಯಲಾಯಿತು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಬೆಲೆ ಗೊತ್ತಿರುತ್ತದೆ, ಇಳುವರಿಯನ್ನು ಕಂಡುಹಿಡಿಯಬೇಕಾಗುತ್ತದೆ. ಬಾಂಡಿನ ಎಲ್ಲ ಕಂತುಗಳ ಇಂದಿನ ಮೌಲ್ಯವು ಅದರ ಬೆಲೆಗೆ ಸರಿಹೊಂದುವಂತೆ ಮಾಡುವ ಏಕೈಕ ದರವನ್ನು ಪಕ್ವತೆಯವರೆಗಿನ ಇಳುವರಿ ಎನ್ನುತ್ತಾರೆ.

ಇದನ್ನು ನೇರವಾಗಿ ಬಿಡಿಸುವ ಸರಳ ಸೂತ್ರವಿಲ್ಲ, ದರಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. ಅದೇ 3 ವರ್ಷದ ಪತ್ರ 96 ರೂಪಾಯಿಗೆ ದೊರೆಯುತ್ತಿದೆ ಎನ್ನೋಣ. ಶೇಕಡ 8ರ ದರದಲ್ಲಿ ಬೆಲೆ 97.42 ಬರುತ್ತದೆ, ಇದು 96ಕ್ಕಿಂತ ಹೆಚ್ಚು. ಶೇಕಡ 9 ಹಾಕಿದರೆ 94.94 ಬರುತ್ತದೆ, ಇದು ಕಡಿಮೆ. ಉತ್ತರ ಇವೆರಡರ ನಡುವೆ ಇರಬೇಕು. ಅಂತರವನ್ನು ಅನುಪಾತಕ್ಕೆ ತಕ್ಕಂತೆ ಹಂಚಿ, ಮತ್ತೊಮ್ಮೆ ಪರೀಕ್ಷಿಸಿದರೆ ಶೇಕಡ 8.57 ದೊರೆಯುತ್ತದೆ. ಗಣಕಯಂತ್ರಗಳೂ ಹಣಕಾಸು ಕ್ಯಾಲ್ಕುಲೇಟರ್‌ಗಳೂ ಇದೇ ಬಗೆಯ ಹುಡುಕಾಟವನ್ನು ವೇಗವಾಗಿ ಮಾಡುತ್ತವೆ.

ಕೂಪನ್ ದರ, ಚಾಲ್ತಿ ಇಳುವರಿ ಮತ್ತು ಪಕ್ವತೆಯವರೆಗಿನ ಇಳುವರಿಗಳನ್ನು ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಮೇಲಿನ ಉದಾಹರಣೆಯಲ್ಲಿ ಕೂಪನ್ ಶೇಕಡ 7. ಬಡ್ಡಿಯಾದ 7 ರೂಪಾಯಿಯನ್ನು ಕೊಂಡ ಬೆಲೆಯಾದ 96ರಿಂದ ಭಾಗಿಸಿದರೆ ಬರುವ ಶೇಕಡ 7.29 ಚಾಲ್ತಿ ಇಳುವರಿ. ಇದರಲ್ಲಿ ಕೊನೆಗೆ 96ಕ್ಕೆ ಬದಲಾಗಿ 100 ರೂಪಾಯಿ ಬರುವ ಲಾಭ ಸೇರಿಲ್ಲ. ಆ 4 ರೂಪಾಯಿಯನ್ನೂ ಅದು ಬರುವ ಕಾಲವನ್ನೂ ಸೇರಿಸಿದ ದರವೇ ಶೇಕಡ 8.57.

ಈ ದರವು ಕೈಸೇರಬೇಕಾದರೆ ಮೂರು ಷರತ್ತುಗಳು ಪೂರೈಸಬೇಕು. ಪತ್ರವನ್ನು ಕೊನೆಯವರೆಗೆ ಇಟ್ಟುಕೊಳ್ಳಬೇಕು, ಎಲ್ಲ ಕಂತುಗಳೂ ಸಕಾಲದಲ್ಲಿ ಬರಬೇಕು, ನಡುವೆ ಬಂದ ಬಡ್ಡಿಯನ್ನು ಅದೇ ದರದಲ್ಲಿ ಮರುಹೂಡಿಕೆ ಮಾಡಲು ಸಾಧ್ಯವಾಗಬೇಕು.

## ಬೆಲೆ ಮತ್ತು ಇಳುವರಿಯ ವಿಲೋಮ ಸಂಬಂಧ

ಬೆಲೆ ಮತ್ತು ಇಳುವರಿಗಳು ಎದುರುಬದುರಾಗಿ ಚಲಿಸಲು ಕಾರಣ, ಬಾಂಡಿನ ಕಂತುಗಳು ಬದಲಾಗದಿರುವುದು. ಬ್ಯಾಂಕು ಸಾಲದ ಬಡ್ಡಿದರವನ್ನು ಏರಿಸಿದಂತೆ ಹಳೆಯ ಬಾಂಡಿನ ಬಡ್ಡಿಯನ್ನು ಏರಿಸಲಾಗದು. ಹೊಂದಾಣಿಕೆಗೆ ಉಳಿದಿರುವ ಏಕೈಕ ಅಂಶ ಬೆಲೆ.

ಸರ್ಕಾರವು ಶೇಕಡ 7ರ ಬಡ್ಡಿಯಲ್ಲಿ 10 ವರ್ಷಗಳ ಸಾಲಪತ್ರವನ್ನು 100 ರೂಪಾಯಿಗೆ ನೀಡಿದ ಮರುದಿನವೇ ಅದೇ ಅವಧಿಯ ಹೊಸ ಪತ್ರವು ಶೇಕಡ 8ಕ್ಕೆ ದೊರೆಯಿತು ಎಂದು ಭಾವಿಸೋಣ. ಹೊಸ ಪತ್ರ ಕೊಂಡವರಿಗೆ ವರ್ಷಕ್ಕೆ 8 ರೂಪಾಯಿ, ಹಳೆಯದನ್ನು ಇಟ್ಟುಕೊಂಡವರಿಗೆ 7 ರೂಪಾಯಿ. ಹೊಸ ಪತ್ರವೇ 100 ರೂಪಾಯಿಗೆ ಸಿಗುವಾಗ ಹಳೆಯದಕ್ಕೆ ಅಷ್ಟೇ ಹಣ ಕೊಡಲು ಯಾರೂ ಮುಂದಾಗುವುದಿಲ್ಲ. ಹಳೆಯ ಪತ್ರವನ್ನು ಮಾರಬೇಕಾದರೆ ವರ್ಷಕ್ಕೆ 1 ರೂಪಾಯಿಯಂತೆ 10 ವರ್ಷಗಳ ಕೊರತೆಯನ್ನು ಬೆಲೆಯಲ್ಲೇ ಕಳೆದುಕೊಡಬೇಕು.

ಆ ಕೊರತೆಯನ್ನು 10 ರೂಪಾಯಿ ಎಂದು ಎಣಿಸುವಂತಿಲ್ಲ, ಏಕೆಂದರೆ ಅದು ಹತ್ತು ವರ್ಷಗಳಲ್ಲಿ ಹರಡಿಕೊಂಡಿದೆ. ಶೇಕಡ 8ರ ದರದಲ್ಲಿ, 10 ವರ್ಷಗಳ ಕಾಲ ವರ್ಷಕ್ಕೆ 1 ರೂಪಾಯಿಯಂತೆ ಬರುವ ಹಣದ ಇಂದಿನ ಮೌಲ್ಯ 6.71 ರೂಪಾಯಿ. ಸೂತ್ರದ ಪ್ರಕಾರ ಹಳೆಯ ಪತ್ರದ ಹೊಸ ಬೆಲೆ 93.29 ರೂಪಾಯಿ, ಅಂದರೆ ಇಳಿಕೆಯೂ ನಿಖರವಾಗಿ 6.71 ರೂಪಾಯಿ. ಹೊಸ ದರ ಶೇಕಡ 6ಕ್ಕೆ ಇಳಿದಿದ್ದರೆ ಹಳೆಯ ಪತ್ರವು ವರ್ಷಕ್ಕೆ 1 ರೂಪಾಯಿ ಹೆಚ್ಚು ಕೊಡುವ ಪತ್ರವಾಗುತ್ತಿತ್ತು, ಅದರ ಬೆಲೆ 107.36 ರೂಪಾಯಿಗೆ ಏರುತ್ತಿತ್ತು.

ಆದ್ದರಿಂದ ಬೆಲೆ ಮತ್ತು ಇಳುವರಿಗಳು ಎರಡು ಪ್ರತ್ಯೇಕ ಸಂಗತಿಗಳಲ್ಲ, ಒಂದೇ ವ್ಯವಹಾರವನ್ನು ಹೇಳುವ ಎರಡು ರೀತಿಗಳು. ‘ಇಳುವರಿ ಏರಿತು’ ಎಂಬ ಪತ್ರಿಕಾ ಸುದ್ದಿಯನ್ನು ಓದಿದವರು ‘ಹಳೆಯ ಬಾಂಡ್‌ಗಳ ಬೆಲೆ ಇಳಿಯಿತು’ ಎಂದು ಓದಿಕೊಳ್ಳಬಹುದು.

## ಡ್ಯುರೇಶನ್

ವರ್ಷಕ್ಕೆ 1 ರೂಪಾಯಿಯ ಕೊರತೆಯು ಹೆಚ್ಚು ವರ್ಷಗಳವರೆಗೆ ಮುಂದುವರಿದಷ್ಟೂ ಬೆಲೆಯ ಇಳಿಕೆ ಹೆಚ್ಚಾಗುತ್ತದೆ. ಮುಖಬೆಲೆಗೆ ಮಾರಾಟವಾಗುತ್ತಿರುವ, ಶೇಕಡ 7ರ ಕೂಪನ್ ಇರುವ ಮೂರು ಪತ್ರಗಳ ಹೋಲಿಕೆ ಹೀಗಿದೆ:

| ಉಳಿದ ಅವಧಿ | ಇಳುವರಿ ಶೇಕಡ 8 ಆದಾಗ ಬೆಲೆ (ರೂ.) | ಇಳುವರಿ ಶೇಕಡ 6 ಆದಾಗ ಬೆಲೆ (ರೂ.) | ಪರಿಷ್ಕೃತ ಡ್ಯುರೇಶನ್ |
|---|---|---|---|
| 3 ವರ್ಷ | 97.42 | 102.67 | 2.62 |
| 10 ವರ್ಷ | 93.29 | 107.36 | 7.02 |
| 30 ವರ್ಷ | 88.74 | 113.76 | 12.41 |

ಕೊನೆಯ ಅಂಕಣದಲ್ಲಿರುವ ಪರಿಷ್ಕೃತ ಡ್ಯುರೇಶನ್ ಬೆಲೆಯ ಸೂಕ್ಷ್ಮತೆಯನ್ನು ತಿಳಿಸುತ್ತದೆ. ಇಳುವರಿಯು ಶೇಕಡ 7ರಿಂದ 8ಕ್ಕೆ, ಅಂದರೆ ಒಂದು ಅಂಶದಷ್ಟು ಏರಿದರೆ ಬೆಲೆಯು ಸುಮಾರು ಎಷ್ಟು ಶೇಕಡ ಇಳಿಯುತ್ತದೆ ಎಂಬುದೇ ಆ ಸಂಖ್ಯೆ. 10 ವರ್ಷದ ಪತ್ರಕ್ಕೆ ಅದು ಸುಮಾರು 7. ಇಳುವರಿ ಕಾಲು ಅಂಶ ಏರಿದರೆ ಇಳಿಕೆ ಸುಮಾರು ಶೇಕಡ 1.75 ಆಗುತ್ತದೆ.

ಡ್ಯುರೇಶನ್ ಎಂಬ ಪದಕ್ಕೆ ಕಾಲಾವಧಿ ಎಂದು ಅರ್ಥ. 1938ರಲ್ಲಿ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ ಇದನ್ನು ಕಾಲದ ಅಳತೆಯಾಗಿಯೇ ಮಂಡಿಸಿದರು. ಬಾಂಡಿನ ಹಣವೆಲ್ಲ ಕೊನೆಯ ದಿನವೇ ಬರುವುದಿಲ್ಲ, ಸ್ವಲ್ಪ ಭಾಗ ಬಡ್ಡಿಯ ರೂಪದಲ್ಲಿ ಮೊದಲೇ ಬರುತ್ತದೆ. ಪ್ರತಿ ಕಂತು ಬರುವ ವರ್ಷವನ್ನು ಆ ಕಂತಿನ ಇಂದಿನ ಮೌಲ್ಯದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಬೆಲೆಯಿಂದ ಭಾಗಿಸಿದರೆ ಹಣ ಮರಳುವ ಸರಾಸರಿ ಕಾಲ ಸಿಗುತ್ತದೆ. 97.42 ರೂಪಾಯಿಯ 3 ವರ್ಷದ ಪತ್ರದಲ್ಲಿ 6.48ನ್ನು 1ರಿಂದ, 6.00ನ್ನು 2ರಿಂದ, 84.94ನ್ನು 3ರಿಂದ ಗುಣಿಸಿ ಕೂಡಿಸಿದರೆ 273.30 ಬರುತ್ತದೆ. ಇದನ್ನು 97.42ರಿಂದ ಭಾಗಿಸಿದರೆ 2.81 ವರ್ಷ. ಈ ಮೆಕಾಲೆ ಡ್ಯುರೇಶನ್ ಅನ್ನು 1.08ರಿಂದ ಭಾಗಿಸಿದರೆ ಪರಿಷ್ಕೃತ ಡ್ಯುರೇಶನ್ 2.60 ದೊರೆಯುತ್ತದೆ. ನಡುವೆ ಬಡ್ಡಿಯೇ ಇಲ್ಲದೆ ಕೊನೆಗೆ ಒಂದೇ ಮೊತ್ತ ಬರುವ ಪತ್ರದ ಮೆಕಾಲೆ ಡ್ಯುರೇಶನ್ ಅದರ ಪೂರ್ಣ ಅವಧಿಗೆ ಸಮನಾಗಿರುತ್ತದೆ. ಹೆಚ್ಚು ಕೂಪನ್ ಇದ್ದಷ್ಟೂ ಹಣ ಬೇಗ ಮರಳುವುದರಿಂದ ಡ್ಯುರೇಶನ್ ಕಡಿಮೆಯಾಗುತ್ತದೆ.

ಕಾಲದ ಈ ಅಳತೆಗೆ ಪ್ರಾಯೋಗಿಕ ಅರ್ಥವೂ ಇದೆ. ಇಳುವರಿ ಏರಿದಾಗ ಪತ್ರದ ಬೆಲೆ ಇಳಿಯುತ್ತದೆ. ಆದರೆ ಅಂದಿನಿಂದ ಬರುವ ಬಡ್ಡಿಯನ್ನು ಹೆಚ್ಚಿನ ದರದಲ್ಲಿ ಮರುಹೂಡಿಕೆ ಮಾಡಬಹುದು. ಒಂದರಲ್ಲಿ ಕಳೆದುಕೊಂಡದ್ದು ಇನ್ನೊಂದರಲ್ಲಿ ನಿಧಾನವಾಗಿ ತುಂಬಿಬರುತ್ತದೆ. ಇವೆರಡೂ ಸರಿದೂಗುವ ಕಾಲವೇ ಮೆಕಾಲೆ ಡ್ಯುರೇಶನ್. ಶೇಕಡ 7ರ 10 ವರ್ಷದ ಪತ್ರಕ್ಕೆ ಇದು ಸುಮಾರು 7.5 ವರ್ಷ. ದರ ಬದಲಾಗದಿದ್ದರೆ 100 ರೂಪಾಯಿಯ ಹೂಡಿಕೆ 7.5 ವರ್ಷಗಳ ಕೊನೆಗೆ 166.10 ರೂಪಾಯಿ ಆಗುತ್ತದೆ. ಕೊಂಡ ಕೂಡಲೇ ಇಳುವರಿ ಶೇಕಡ 8ಕ್ಕೆ ಏರಿ ಅಲ್ಲೇ ನಿಂತರೆ, 93.29 ರೂಪಾಯಿಗೆ ಕುಸಿದ ಮೌಲ್ಯವು ಶೇಕಡ 8ರ ದರದಲ್ಲಿ ಬೆಳೆದು ಅದೇ ದಿನಕ್ಕೆ 166.15 ಆಗುತ್ತದೆ. ಶೇಕಡ 6ಕ್ಕೆ ಇಳಿದರೂ 166.20 ಆಗುತ್ತದೆ. ಏಳೂವರೆ ವರ್ಷಗಳ ನಂತರ ಹಣ ಬೇಕಾಗಿರುವವರಿಗೆ ಇಂತಹ ಬದಲಾವಣೆಯಿಂದ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಎರಡು ವರ್ಷಗಳಲ್ಲೇ ಹಣ ಬೇಕಾದವರಿಗೆ ಅದೇ ಪತ್ರದಿಂದ ನಷ್ಟವಾಗಬಹುದು. ವಿಮಾ ಸಂಸ್ಥೆಗಳೂ ಪಿಂಚಣಿ ನಿಧಿಗಳೂ ತಾವು ಹಣ ಕೊಡಬೇಕಾದ ಕಾಲಕ್ಕೆ ಬಾಂಡ್‌ಗಳ ಡ್ಯುರೇಶನ್ ಅನ್ನು ಹೊಂದಿಸಿಕೊಳ್ಳುವುದು ಈ ಕಾರಣದಿಂದ.

## 2022ರ ಬೆಲೆ ಇಳಿಕೆ

2022ರ ಜನವರಿಯಲ್ಲಿ ಭಾರತ ಸರ್ಕಾರವು ಶೇಕಡ 6.54ರ ಕೂಪನ್‌ನ 10 ವರ್ಷಗಳ ಸಾಲಪತ್ರವನ್ನು ನೀಡಿತು. ಇದು 2032ರ ಜನವರಿ 17ರಂದು ಪಕ್ವವಾಗುತ್ತದೆ. ಬೆಲೆಯೇರಿಕೆ ಹೆಚ್ಚಿದ್ದರಿಂದ ರಿಸರ್ವ್ ಬ್ಯಾಂಕು ಮೇ 4ರಂದು ರೆಪೊ ದರವನ್ನು ಶೇಕಡ 4.00ರಿಂದ 4.40ಕ್ಕೆ ಏರಿಸಿತು. ಮುಂದಿನ ಏರಿಕೆಗಳ ಸರಣಿಯಲ್ಲಿ ಅದು 2023ರ ಫೆಬ್ರವರಿಗೆ ಶೇಕಡ 6.50 ತಲುಪಿತು. ಬಾಂಡ್ ಮಾರುಕಟ್ಟೆ ಅಷ್ಟು ಕಾಲ ಕಾಯಲಿಲ್ಲ. ಮುಂದಿನ ಏರಿಕೆಗಳನ್ನು ಮೊದಲೇ ನಿರೀಕ್ಷಿಸಿದ ಪರಿಣಾಮವಾಗಿ, 10 ವರ್ಷದ ಪತ್ರದ ಇಳುವರಿ 2022ರ ಜೂನ್‌ನಲ್ಲೇ ಶೇಕಡ 7.5ನ್ನು ದಾಟಿತು. ಕೇಂದ್ರದ ಪತ್ರಗಳನ್ನು ಆಧರಿಸಿಯೇ ರಾಜ್ಯಗಳ ಸಾಲಪತ್ರಗಳಿಗೆ ದರ ನಿಗದಿಯಾಗುವುದರಿಂದ ಕರ್ನಾಟಕದ ಹಳೆಯ ಪತ್ರಗಳ ಬೆಲೆಯೂ ಇದೇ ದಿಕ್ಕಿನಲ್ಲಿ ಸಾಗಿತು.

ನೀಡಿದಾಗ ಈ ಪತ್ರದ ಪರಿಷ್ಕೃತ ಡ್ಯುರೇಶನ್ ಸುಮಾರು 7.26 ಆಗಿತ್ತು. ಇಳುವರಿ ಶೇಕಡ 6.54ರಿಂದ 7.5ಕ್ಕೆ, ಅಂದರೆ 0.96 ಅಂಶ ಏರಿದರೆ ಬೆಲೆ ಸುಮಾರು ಶೇಕಡ 7ರಷ್ಟು ಇಳಿಯಬೇಕೆಂದು ಇದರಿಂದ ಅಂದಾಜಿಸಬಹುದು. ಜುಲೈ 17ರ ಕಂತಿನ ನಂತರ ಶೇಕಡ 7.5ರ ಇಳುವರಿಯಲ್ಲಿ ಪೂರ್ಣ ಲೆಕ್ಕ ಮಾಡಿದರೆ ಬೆಲೆ 93.56 ರೂಪಾಯಿ ಬರುತ್ತದೆ, ಅಂದರೆ ಶೇಕಡ 6.44ರ ಇಳಿಕೆ. ಒಂದು ಲಕ್ಷ ರೂಪಾಯಿ ಮುಖಬೆಲೆಯ ಪತ್ರವನ್ನು ಆಗ ಈ ಬೆಲೆಗೆ ಮಾರಿದವರಿಗೆ 6,440 ರೂಪಾಯಿ ನಷ್ಟ. ಅರ್ಧ ವರ್ಷಕ್ಕೆ ಬಂದ ಬಡ್ಡಿ 3,270 ರೂಪಾಯಿ ಅದರ ಅರ್ಧದಷ್ಟನ್ನು ಮಾತ್ರ ತುಂಬುತ್ತದೆ. ಮಾರದೆ ಉಳಿಸಿಕೊಂಡವರಿಗೆ ಆರು ತಿಂಗಳಿಗೊಮ್ಮೆ 3,270 ರೂಪಾಯಿಯೂ ಕೊನೆಗೆ ಪೂರ್ಣ ಒಂದು ಲಕ್ಷವೂ ಬರಬೇಕು. ಅವರು ಕಳೆದುಕೊಂಡದ್ದು ಹೆಚ್ಚಿನ ದರದಲ್ಲಿ ಹೂಡುವ ಅವಕಾಶವನ್ನು ಮಾತ್ರ.

ಮಾರುವ ಅನಿವಾರ್ಯತೆ ಬಂದಾಗ ಈ ವ್ಯತ್ಯಾಸ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ನಿದರ್ಶನವಾಗಿದೆ. ಆ ಬ್ಯಾಂಕು ಯಾವಾಗ ಬೇಕಾದರೂ ಹಿಂಪಡೆಯಬಹುದಾದ ಠೇವಣಿಗಳನ್ನು ದೀರ್ಘಾವಧಿಯ ಬಾಂಡ್‌ಗಳಲ್ಲಿ ತೊಡಗಿಸಿತ್ತು. ಬಾಂಡ್‌ಗಳು ಸುಸ್ತಿಯಾಗುವ ಭಯ ಇರಲಿಲ್ಲ, ಆದರೆ ಇಳುವರಿ ಏರಿ ಅವುಗಳ ಬೆಲೆ ಇಳಿದಿತ್ತು. 2023ರ ಮಾರ್ಚ್‌ನಲ್ಲಿ ಸುಮಾರು 2,100 ಕೋಟಿ ಡಾಲರ್‌ಗಳ ಬಾಂಡ್‌ಗಳನ್ನು ಮಾರಿ 180 ಕೋಟಿ ಡಾಲರ್ ನಷ್ಟ ಅನುಭವಿಸಿದುದಾಗಿ ಬ್ಯಾಂಕು ಪ್ರಕಟಿಸಿತು. ಠೇವಣಿದಾರರು ಹಣ ಹಿಂಪಡೆಯಲು ಮುಗಿಬಿದ್ದರು. ಮಾರ್ಚ್ 10ರಂದು ಬ್ಯಾಂಕನ್ನು ಮುಚ್ಚಲಾಯಿತು.

## ಮಿತಿಗಳು

ಡ್ಯುರೇಶನ್ ಒಂದು ಅಂದಾಜು. ಅದು ಬೆಲೆ ಮತ್ತು ಇಳುವರಿಗಳ ನಡುವಿನ ಸಂಬಂಧವನ್ನು ಸರಳರೇಖೆಯೆಂದು ಭಾವಿಸುತ್ತದೆ, ವಾಸ್ತವದಲ್ಲಿ ಅದು ವಕ್ರರೇಖೆ. 10 ವರ್ಷದ ಪತ್ರದಲ್ಲಿ ಡ್ಯುರೇಶನ್ ಸೂಚಿಸುವ ಏರಿಳಿತ ಎರಡೂ ಕಡೆ 7.02 ರೂಪಾಯಿ, ನಿಜವಾದ ಇಳಿಕೆ 6.71, ನಿಜವಾದ ಏರಿಕೆ 7.36. ಈ ವಕ್ರತೆಯನ್ನು ಕಾನ್ವೆಕ್ಸಿಟಿ ಎನ್ನುತ್ತಾರೆ. ಸಾಮಾನ್ಯ ಬಾಂಡ್‌ಗಳಲ್ಲಿ ಅದು ಹೂಡಿಕೆದಾರರಿಗೆ ಅನುಕೂಲಕರ. ಇಳುವರಿಯ ಬದಲಾವಣೆ ಚಿಕ್ಕದಾಗಿದ್ದಾಗ ಈ ವ್ಯತ್ಯಾಸ ಗಮನಕ್ಕೇ ಬಾರದು, ದೊಡ್ಡದಾಗಿದ್ದಾಗ ಪೂರ್ಣ ಸೂತ್ರವನ್ನೇ ಬಳಸಬೇಕು. 2022ರ ಉದಾಹರಣೆಯಲ್ಲಿ ಅಂದಾಜು ಮತ್ತು ಲೆಕ್ಕದ ನಡುವೆ ಕಂಡ ಅಂತರಕ್ಕೆ ವಕ್ರತೆಯ ಜೊತೆಗೆ, ಅವಧಿಯಲ್ಲಿ ಆರು ತಿಂಗಳು ಕಳೆದಿದ್ದುದೂ ಕಾರಣ.

ಅಲ್ಪಾವಧಿಯ ಮತ್ತು ದೀರ್ಘಾವಧಿಯ ಇಳುವರಿಗಳು ಒಂದೇ ಪ್ರಮಾಣದಲ್ಲಿ ಬದಲಾಗಬೇಕೆಂದಿಲ್ಲ. 2022ರ ಏರಿಕೆಯಲ್ಲಿ ರೆಪೊ ದರವು ಒಟ್ಟು 2.50 ಅಂಶ ಏರಿದರೂ 10 ವರ್ಷದ ಇಳುವರಿ ಅಷ್ಟು ಏರಲಿಲ್ಲ. ಆದ್ದರಿಂದ ರೆಪೊ ದರದ ಬದಲಾವಣೆಯನ್ನು ನೇರವಾಗಿ ಡ್ಯುರೇಶನ್‌ನಿಂದ ಗುಣಿಸಿದರೆ ತಪ್ಪು ಉತ್ತರ ಬರುತ್ತದೆ. ಆಯಾ ಅವಧಿಯ ಇಳುವರಿಯ ಬದಲಾವಣೆಯನ್ನೇ ತೆಗೆದುಕೊಳ್ಳಬೇಕು.

ಡ್ಯುರೇಶನ್ ಸಾಲ ಮರುಪಾವತಿಯಾಗದಿರುವ ಅಪಾಯವನ್ನು ಅಳೆಯುವುದಿಲ್ಲ. ಕಂಪನಿಯೊಂದರ 3 ವರ್ಷದ ಬಾಂಡಿಗೂ ರಾಜ್ಯ ಸರ್ಕಾರದ 3 ವರ್ಷದ ಸಾಲಪತ್ರಕ್ಕೂ ಡ್ಯುರೇಶನ್ ಬಹುತೇಕ ಒಂದೇ ಇರಬಹುದು, ಆದರೆ ಕಂಪನಿಯ ಬಾಂಡಿನ ಹೆಚ್ಚಿನ ಇಳುವರಿಯಲ್ಲಿ ಸುಸ್ತಿಯ ಅಪಾಯಕ್ಕಾಗಿ ಕೇಳುವ ಪ್ರತಿಫಲವೂ ಅಡಗಿರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಸರ್ಕಾರದ ಪತ್ರ ಸುರಕ್ಷಿತವೆಂಬ ಮಾತು ಕಂತುಗಳ ಪಾವತಿಗೆ ಅನ್ವಯಿಸುತ್ತದೆಯೇ ಹೊರತು ಅವಧಿಗೆ ಮುನ್ನ ದೊರೆಯುವ ಬೆಲೆಗೆ ಅನ್ವಯಿಸುವುದಿಲ್ಲ.